ನಾಲ್ಕು ದಿನದ ಪ್ರದರ್ಶನಕ್ಕೆ ಜನ ಹೊಂದಿಸುವ ಲೆಕ್ಕ



ನಮ್ಮ ಹೋಟೆಲಿನ ಹಾಜರಿ ಪುಸ್ತಕ ನೋಡಿಕೊಳ್ಳುವುದು ನಮಗೆಲ್ಲ ಅಭ್ಯಾಸವಾದ ಕೆಲಸ. ಯಾರು ಬೆಳಿಗ್ಗೆ ಬರುತ್ತಾರೆ, ಯಾರು ಊರಿಗೆ ಹೋಗಿದ್ದಾರೆ, ಯಾರಿಗೆ ಯಾವ ಕೆಲಸ ಕೊಟ್ಟರೆ ನಡೆಯುತ್ತದೆ ಎಂಬುದು ಗಲ್ಲಾದಲ್ಲಿ ಕೂತಲ್ಲಿಯೇ ಗೊತ್ತಿರುತ್ತದೆ. ಆದರೆ ಸಂಘದ ವತಿಯಿಂದ ತಿಂಡಿ ಪ್ರದರ್ಶನ ಅಂತ ನಾಲ್ಕು ದಿನ ಮೈದಾನದಲ್ಲಿ ಪೆಂಡಾಲು ಹಾಕಿದಾಗ ಈ ಅಭ್ಯಾಸ ಉಪಯೋಗಕ್ಕೆ ಬರುವುದಿಲ್ಲ. ಅಲ್ಲಿ ಅರ್ಧ ಜನ ಸಂಬಳವಿಲ್ಲದ ಸ್ವಯಂಸೇವಕರು, ಉಳಿದ ಅರ್ಧ ಜನ ಮುಕಾದಮ ಕಳಿಸಿದ ದಿನಗೂಲಿಯವರು. ಇಬ್ಬರಿಗೂ ನಮ್ಮ ಪರಿಚಯವಿಲ್ಲ, ಅವರವರಿಗೂ ಪರಿಚಯವಿಲ್ಲ. ಎರಡನೇ ದಿನ ಎಲ್ಲ ಸರಿ ಹೋಯಿತು ಅನ್ನುವಷ್ಟರಲ್ಲಿ ಪ್ರದರ್ಶನವೇ ಮುಗಿಯಲು ಬಂದಿರುತ್ತದೆ. ಆದ್ದರಿಂದ ಲೆಕ್ಕವೆಲ್ಲ ಮೊದಲೇ ಕಾಗದದ ಮೇಲೆ ಆಗಬೇಕು.

ಹೆಚ್ಚಿನ ಕಡೆ ಆಗುವುದೇನೆಂದರೆ, ಮೀಟಿಂಗಿನಲ್ಲಿ ಹೆಸರಿನ ಪಟ್ಟಿ ಮಾಡುತ್ತಾರೆ. ಯುವ ವಿಭಾಗದಿಂದ ಇಪ್ಪತ್ತು, ಮಹಿಳಾ ವಿಭಾಗದಿಂದ ಹದಿನೈದು, ನಿಮ್ಮ ಹೋಟೆಲಿನಿಂದ ಇಬ್ಬರು, ಇವರ ಹೋಟೆಲಿನಿಂದ ಮೂವರು. ಒಟ್ಟು ನಲವತ್ತು ಜನ ಆಯಿತು, ಸಾಕು ಎಂದು ಚಹಾ ಕುಡಿದು ಏಳುತ್ತಾರೆ. ಆಮೇಲೆ ಶನಿವಾರ ಸಂಜೆ ಏಳು ಗಂಟೆಗೆ ಮೋರಿಯಲ್ಲಿ ಒಬ್ಬನೇ ಹುಡುಗ ಪ್ಲೇಟು ತೊಳೆಯುತ್ತಿರುತ್ತಾನೆ, ಗೇಟಿನಲ್ಲಿ ಬ್ಯಾಡ್ಜ್ ಹಾಕಿಕೊಂಡ ಎಂಟು ಜನ ನಿಂತು ಮಾತಾಡುತ್ತಿರುತ್ತಾರೆ. ಜನ ಕಡಿಮೆ ಇರಲಿಲ್ಲ. ಜಾಗದ ಲೆಕ್ಕ ಆಗಿರಲಿಲ್ಲ, ಅಷ್ಟೆ.

ಹೆಸರು ಬರೆಯುವುದಕ್ಕೆ ಮೊದಲು ಜಾಗ ಬರೆಯಬೇಕು, ಜಾಗದ ಎದುರು ಗಂಟೆ ಬರೆಯಬೇಕು. ಒಂದು ಉದಾಹರಣೆ ತೆಗೆದುಕೊಂಡು ಇದನ್ನು ಪೂರ್ತಿ ಮಾಡಿ ನೋಡೋಣ. ಮುಂಬಯಿಯ ಉಪನಗರದ ಒಂದು ಶಾಲೆಯ ಮೈದಾನ, ಗುರುವಾರದಿಂದ ಭಾನುವಾರದವರೆಗೆ ಪ್ರದರ್ಶನ. ಬೆಳಿಗ್ಗೆ 11ಕ್ಕೆ ಗೇಟು ತೆರೆಯುವುದು, ರಾತ್ರಿ 10ಕ್ಕೆ ಮುಚ್ಚುವುದು. ದೋಸೆ, ಇಡ್ಲಿ-ವಡೆ, ಬಿಸಿಬೇಳೆಬಾತ್, ಕಾಫಿ ಇಷ್ಟೇ ತಿಂಡಿ. ಪಕ್ಕದಲ್ಲಿ ನಮ್ಮ ಕಡೆಯ ಮಸಾಲೆ, ಅಕ್ಕಿ, ಹಳೆಯ ಹಿತ್ತಾಳೆ ಪಾತ್ರೆಗಳನ್ನು ಇಟ್ಟು ವಿವರಿಸುವ ಮೇಜು. ಕೂಪನ್ ಕೊಂಡು ತಿಂಡಿ ತೆಗೆದುಕೊಳ್ಳುವ ಪದ್ಧತಿ.

ಗೇಟು 11 ಗಂಟೆಯಷ್ಟೇ ತೆರೆದಿದ್ದರೂ ಕೆಲಸ ಅಷ್ಟಕ್ಕೇ ಮುಗಿಯುವುದಿಲ್ಲ. ಹಿಟ್ಟು, ಗ್ಯಾಸು, ನೀರು, ಪಾತ್ರೆ ಎಲ್ಲ ಸರಿಮಾಡಲು ಬೆಳಿಗ್ಗೆ ಎಂಟೂವರೆಗೆ ಜನ ಬೇಕು. ರಾತ್ರಿ ತೊಳೆದು, ಉಳಿದ ಸಾಮಾನು ಎಣಿಸಿ ಬೀಗ ಹಾಕುವಾಗ 11 ಆಗುತ್ತದೆ. ಅಂದರೆ ಹದಿನಾಲ್ಕೂವರೆ ಗಂಟೆ. ಇದು ಒಬ್ಬ ಮನುಷ್ಯನ ದಿನವಲ್ಲ, ಎರಡು ಪಾಳಿಯ ದಿನ. ಇದನ್ನು ಮೊದಲೇ ಒಪ್ಪಿಕೊಂಡರೆ ಮುಂದಿನ ಲೆಕ್ಕ ಸುಲಭ.

ಈಗ ಶನಿವಾರವನ್ನೇ ನೋಡೋಣ. ಅದೇ ಭಾರದ ದಿನ. ದಿನವಿಡೀ ಒಂದೇ ಸಮನೆ ಜನ ಬೇಕಾಗುವುದಿಲ್ಲ. ಬೆಳಗಿನ ತಯಾರಿಗೆ 7 ಜನ ಸಾಕು. 11ರಿಂದ ಮೂರೂವರೆವರೆಗೆ ಊಟದ ಹೊತ್ತು, 16 ಜನ ಬೇಕು. ಮೂರೂವರೆಯಿಂದ 6ರವರೆಗೆ ಬಿಸಿಲು, ಜನ ಕಡಿಮೆ, 11 ಜನ ಇದ್ದರೆ ನಡೆಯುತ್ತದೆ. 6ರಿಂದ ಒಂಬತ್ತೂವರೆವರೆಗೆ ನಿಜವಾದ ರಶ್ಶು, ಆಗ 22 ಜನ. ಒಂಬತ್ತೂವರೆಗೆ ಕೂಪನ್ ಮಾರುವುದನ್ನು ನಿಲ್ಲಿಸಬೇಕು. ಇಲ್ಲದಿದ್ದರೆ 10ಕ್ಕೆ ಗೇಟು ಮುಚ್ಚಿದ ಮೇಲೂ ಕೈಯಲ್ಲಿ ಕೂಪನ್ ಹಿಡಿದವರು ನಿಂತಿರುತ್ತಾರೆ. ಅಲ್ಲಿಂದ 11ರವರೆಗೆ 10 ಜನ ಸಾಕು. ಪ್ರತಿ ತುಂಡಿನ ಜನವನ್ನು ಅದರ ಗಂಟೆಯಿಂದ ಗುಣಿಸಿ ಕೂಡಿಸಿದರೆ ಒಟ್ಟು 209 ಗಂಟೆ ಕೆಲಸ ಬರುತ್ತದೆ. ಪಾಳಿ ಬದಲಾಗುವಾಗ ಇಬ್ಬರೂ ಇರುವ ಹೊತ್ತು, ನೀರು ಕುಡಿಯಲು, ಶೌಚಕ್ಕೆ ಹೋಗುವ ಹೊತ್ತು ಅಂತ ಹತ್ತರಲ್ಲಿ ಒಂದು ಪಾಲು ಸೇರಿಸಿ, 230 ಗಂಟೆ ಅಂತ ಇಟ್ಟುಕೊಳ್ಳಿ.

ಈ 230 ಗಂಟೆಯನ್ನು ಯಾರಿಂದ ತುಂಬಿಸುವುದು? ದಿನಗೂಲಿಯವರು 15 ಜನ, ಸದಸ್ಯರ ಹೋಟೆಲುಗಳಿಂದ ಬಂದ ಕಾಯಂ ಭಟ್ಟರು 3 ಜನ. ಇವರದು ಒಂಬತ್ತು ಗಂಟೆಯ ಪಾಳಿ, ಅದರಲ್ಲಿ ಒಂದು ಗಂಟೆ ಊಟ-ವಿಶ್ರಾಂತಿ, ಕೆಲಸ 8 ಗಂಟೆ. ಹದಿನೆಂಟು ಎಂಟಲ 144. ಉಳಿದದ್ದು 86 ಗಂಟೆ. ಸ್ವಯಂಸೇವಕರ ಪಾಳಿ 4 ಗಂಟೆಯದು ಅಂದುಕೊಂಡರೆ 22 ಪಾಳಿ, ಒಂದು ಹೆಚ್ಚಿಗೆ ಇರಲಿ ಎಂದು 23. ಮೀಟಿಂಗಿನಲ್ಲಿ ಕೇಳಬೇಕಾದದ್ದು "ಎಷ್ಟು ಜನ ಬರ್ತೀರಿ?" ಎಂದಲ್ಲ, "ಶನಿವಾರಕ್ಕೆ 23 ಪಾಳಿ ಇದೆ, ಯಾರು ಯಾವುದು ತೆಗೆದುಕೊಳ್ಳುತ್ತೀರಿ?" ಎಂದು.

ಯಾವ ಜಾಗಕ್ಕೆ ಸಂಬಳದವರು, ಯಾವ ಜಾಗಕ್ಕೆ ಸ್ವಯಂಸೇವಕರು ಎಂಬುದಕ್ಕೆ ನಾನು ಒಂದೇ ಪ್ರಶ್ನೆ ಕೇಳುತ್ತೇನೆ. ಈ ಮನುಷ್ಯ ಹೇಳದೆ ಅರ್ಧ ಗಂಟೆ ಹೊರಟುಹೋದರೆ ಪ್ರದರ್ಶನ ನಿಲ್ಲುತ್ತದೆಯೇ? ನಿಲ್ಲುತ್ತದೆ ಎಂದಾದರೆ ಅಲ್ಲಿ ಸ್ವಯಂಸೇವಕರನ್ನು ಹಾಕಬಾರದು. ದೋಸೆ ಕಾವಲಿ, ಹಿಟ್ಟು-ಚಟ್ನಿ, ಕಾಫಿ, ಮೋರಿ ಮತ್ತು ಪ್ಲೇಟು ಎತ್ತುವುದು, ಸಾಮಾನು ತಂದುಕೊಡುವುದು ಇವೆಲ್ಲ ಸಂಬಳದವರ ಜಾಗ. ಸಂಜೆ ಇವಕ್ಕೆ 10 ಜನ. ಕೂಪನ್ ಮೇಜಿಗೆ 3, ಇಡ್ಲಿ-ವಡೆ ಮತ್ತು ಬಾತ್ ಬಡಿಸುವುದಕ್ಕೆ 4, ಗೇಟಿಗೆ 1, ವಿವರಣೆಯ ಮೇಜಿಗೆ 2, ಜಾಗವಿಲ್ಲದ ಬದಲಿಯವರು 2, ಹೀಗೆ 12 ಜನ ಸ್ವಯಂಸೇವಕರು. ಬಡಿಸುವುದು ಕಷ್ಟದ ಕೆಲಸವಲ್ಲವೇ ಎಂದು ಕೇಳಬಹುದು. ಒಂದೇ ಅಳತೆಯ ಸೌಟು ಕೊಟ್ಟು, ಒಂದು ಪ್ಲೇಟು ತುಂಬಿಸಿ ಎದುರಿಗೆ ಇಟ್ಟರೆ ಮಹಿಳಾ ವಿಭಾಗದವರು ನಮ್ಮ ಸಪ್ಲಾಯರುಗಳಿಗಿಂತ ಚೊಕ್ಕವಾಗಿ ಬಡಿಸುತ್ತಾರೆ. ಹದಿನೆಂಟು ವರ್ಷದ ಒಳಗಿನ ಮಕ್ಕಳು ಬಂದರೆ ವಿವರಣೆಯ ಮೇಜಿಗೆ ಹಾಕಿ. ಎಣ್ಣೆ ಬಾಣಲೆ, ಗ್ಯಾಸಿನ ಹತ್ತಿರ ಸುಳಿಯಲು ಬಿಡಬೇಡಿ. ಕೆಮ್ಮು, ನೆಗಡಿ, ಕೈಗೆ ಗಾಯ ಇರುವವರು ಎಷ್ಟೇ ಉತ್ಸಾಹದವರಾದರೂ ಬಡಿಸುವ ಜಾಗಕ್ಕೆ ಬೇಡ.

ಪಾಳಿ ಹೊಂದಿಸುವಾಗ ಮಧ್ಯಾಹ್ನದ ಹೊತ್ತಿನ ಮೇಲೆ ಕಣ್ಣಿಡಿ, ಇಡೀ ದಿನದ ಕೀಲಿ ಇರುವುದು ಅಲ್ಲಿ. ಸಂಬಳದವರಲ್ಲಿ 8 ಜನ ಬೆಳಿಗ್ಗೆ ಎಂಟೂವರೆಗೆ ಬಂದು ಸಂಜೆ ಐದೂವರೆಗೆ ಹೋಗುತ್ತಾರೆ. ಉಳಿದ 10 ಜನ 2 ಗಂಟೆಗೆ ಬಂದು ರಾತ್ರಿ 11ಕ್ಕೆ ಹೋಗುತ್ತಾರೆ. ಎರಡರಿಂದ ಐದೂವರೆವರೆಗೆ 18 ಜನರೂ ಇರುತ್ತಾರೆ, ಆದರೆ ಗಿರಾಕಿ ಕಡಿಮೆ. ಲೆಕ್ಕ ನೋಡುವ ಖಜಾಂಚಿಗಳಿಗೆ ಇದು ದಂಡ ಅಂತ ಕಾಣುತ್ತದೆ. ದಂಡವಲ್ಲ. ಬೆಳಗಿನವರ ಊಟ ಎರಡೂವರೆಯ ಮೇಲೆ ಆಗುವುದು ಈ ಹೊತ್ತಿನಲ್ಲಿ, ಸಂಜೆಯವರು ನಾಲ್ಕೂವರೆಯಿಂದ ಐದೂವರೆಯೊಳಗೆ ಎರಡು ಸರದಿಯಲ್ಲಿ ತಿನ್ನುವುದು ಈ ಹೊತ್ತಿನಲ್ಲಿ. ಸಂಜೆಯ ತೆಂಗಿನಕಾಯಿ ತುರಿಯುವುದು, ಈರುಳ್ಳಿ ಹೆಚ್ಚುವುದು, ಪಾತ್ರೆ ತೊಳೆದು ಮುಗಿಸುವುದು ಕೂಡ ಆಗಲೇ. ಈ ಮೂರೂವರೆ ಗಂಟೆಯನ್ನು ಉಳಿಸಲು ಹೋದರೆ ರಾತ್ರಿ 8ಕ್ಕೆ ಹಸಿದ ಜನ ರಶ್ಶಿನ ನಡುವೆ ಪ್ಲೇಟು ಹಿಡಿದು ಹಿಂದೆ ಹೋಗಿ ಕೂತುಬಿಡುತ್ತಾರೆ, ಅವರನ್ನು ಬೈಯುವ ಹಾಗೂ ಇಲ್ಲ.

ಬೆಳಗಿನವರಿಗೆ ಗೇಟು ತೆರೆಯುವ ಮೊದಲು, ಹತ್ತೂವರೆಗೆ, ಅರ್ಧ ಗಂಟೆ ಕೂರಿಸಿ ತಿಂಡಿ ಕೊಡಬೇಕು. ಎಂಟೂವರೆಗೆ ಬಂದವನು ಹಾಗೆಯೇ 11ಕ್ಕೆ ರಶ್ಶಿಗೆ ಸಿಕ್ಕಿದರೆ ಎರಡೂವರೆವರೆಗೆ, ಅಂದರೆ ಆರು ಗಂಟೆ, ಹೊಟ್ಟೆಗಿಲ್ಲದೆ ನಿಲ್ಲುತ್ತಾನೆ. ಯಾವ ಪಾಳಿಯಲ್ಲೂ ಸತತ ಐದು ಗಂಟೆ ಮೀರಿ ಬಿಡುವಿಲ್ಲದೆ ನಿಲ್ಲಿಸಬಾರದು ಎಂಬುದು ನಾನು ಇಟ್ಟುಕೊಂಡ ಗೆರೆ. ಸಂಜೆಯವರಿಗೆ 8 ಗಂಟೆ ಹೊತ್ತಿಗೆ ಒಬ್ಬೊಬ್ಬರಿಗೆ ಹತ್ತು ನಿಮಿಷ ಚಹಾ. ಆ ಹತ್ತು ನಿಮಿಷ ಅವರ ಜಾಗದಲ್ಲಿ ನಿಲ್ಲುವವರೇ ಬದಲಿಯವರು. ಕಾವಲಿಗೂ ಕಾಫಿಗೂ ಮಾತ್ರ ಬದಲಿಯವರು ಬೇಡ, ಅಲ್ಲಿ ಕೆಲಸ ಬಲ್ಲವರೇ ಒಬ್ಬರಿಗೊಬ್ಬರು ಬಿಡುವು ಕೊಟ್ಟುಕೊಳ್ಳಲಿ.

ಕಾವಲಿಯದು ಬೇರೆಯೇ ಲೆಕ್ಕ. ಸಂಜೆ ಎರಡು ಕಾವಲಿ, ಆದರೆ ದೋಸೆ ಹುಯ್ಯುವವರು ಮೂವರು. ಅರ್ಧ ಗಂಟೆಗೊಮ್ಮೆ ಒಬ್ಬರು ಇಳಿಯಬೇಕು, ಹೊರಗಿದ್ದವರು ಹತ್ತಬೇಕು. ಹೀಗೆ ಮಾಡಿದರೆ ಪ್ರತಿಯೊಬ್ಬರಿಗೂ ಒಂದು ಗಂಟೆ ಕಾವಲಿ, ಅರ್ಧ ಗಂಟೆ ಹೊರಗೆ ಸಿಗುತ್ತದೆ. ಹೋಟೆಲಿನಲ್ಲಿ ಎಕ್ಸಾಸ್ಟ್ ಇದೆ, ಅಭ್ಯಾಸವಿದೆ. ತಗಡಿನ ಅಥವಾ ಬಟ್ಟೆಯ ಪೆಂಡಾಲಿನಡಿ ಎರಡು ಕಾವಲಿಯ ಶಾಖ ಅಲ್ಲೇ ಸುತ್ತುತ್ತಿರುತ್ತದೆ. ಇಳಿದವರು ಸುಮ್ಮನೆ ಕೂರಬೇಕೆಂದಿಲ್ಲ, ನೀರು ಕುಡಿದು ಚಟ್ನಿ ತುಂಬಿಸಲಿ, ಪಲ್ಯ ನೋಡಲಿ. ಕಾವಲಿಯವರು ಸುಸ್ತಾಗಿದ್ದಾರೆ ಎಂಬುದು ಅವರ ಬಾಯಿಂದ ಗೊತ್ತಾಗುವುದಿಲ್ಲ, ದೋಸೆಯಿಂದ ಗೊತ್ತಾಗುತ್ತದೆ. ಮೊದಲು ದೋಸೆ ದಪ್ಪವಾಗುತ್ತದೆ, ಆಮೇಲೆ ಕಾವಲಿಗೆ ನೀರು ಚಿಮುಕಿಸಿ ಒರೆಸುವುದನ್ನು ಬಿಡುತ್ತಾರೆ, ಆಮೇಲೆ ದೋಸೆ ಹಿಡಿಯಲು ಶುರುವಾಗುತ್ತದೆ. ದಪ್ಪವಾದಾಗಲೇ ಇಳಿಸಿ.

ಜಾಗವಿಲ್ಲದ ಆ ಇಬ್ಬರು ಬದಲಿಯವರ ಬಗ್ಗೆ ಒಂದು ಮಾತು. ಅವರು ಸುಮ್ಮನೆ ನಿಂತಿರುವುದನ್ನು ನೋಡಿ ನಮ್ಮಂಥ ಹೋಟೆಲಿನವರಿಗೆ ಕೈ ತುರಿಸುತ್ತದೆ, ತಕ್ಷಣ ಒಂದು ಕೆಲಸ ಹಚ್ಚುತ್ತೇವೆ. ಹಚ್ಚಿದ ಹತ್ತನೇ ನಿಮಿಷಕ್ಕೆ ಕೂಪನ್ ಮೇಜಿನಲ್ಲಿ ಒಬ್ಬರಿಗೆ ಮನೆಯಿಂದ ಫೋನು ಬರುತ್ತದೆ, ಆಗ ನಿಲ್ಲಲು ಯಾರೂ ಇರುವುದಿಲ್ಲ. ಅವರನ್ನು ಕೂರಲು ಬಿಡಿ.

ಸ್ವಯಂಸೇವಕರ ಪಾಳಿಯನ್ನು ಹೀಗೆ ಹಾಕಿದ್ದೇನೆ. 11ರಿಂದ 3ರವರೆಗೆ 8 ಜನ, 2ರಿಂದ 6ರವರೆಗೆ 3 ಜನ, ಐದೂವರೆಯಿಂದ ಒಂಬತ್ತೂವರೆವರೆಗೆ 12 ಜನ. ಒಟ್ಟು 23. ಹಗಲಿನ 8 ಜನ ಹೋಗುವಷ್ಟರಲ್ಲಿ ಸಂಜೆಯ ಸಂಬಳದವರು ಬಂದಾಗಿರುತ್ತದೆ, ಬಡಿಸುವ ಜಾಗವನ್ನು ಸಂಜೆಯ ತನಕ ಅವರು ನೋಡಿಕೊಳ್ಳುತ್ತಾರೆ. ಸಂಜೆಯ 12 ಜನ ರಶ್ಶಿಗೆ ಅರ್ಧ ಗಂಟೆ ಮೊದಲೇ ಬರುವುದು ಜಾಗ ನೋಡಿಕೊಳ್ಳುವುದಕ್ಕಾಗಿ. ಒಂಬತ್ತೂವರೆಗೆ ಬಿಡುವುದು ಅವರೆಲ್ಲ ಲೋಕಲ್ ಹಿಡಿದು ಮನೆಗೆ ಹೋಗಬೇಕಾದವರು ಎಂಬುದಕ್ಕಾಗಿ. ಅವರಲ್ಲಿ ಹೆಂಗಸರು, ಕಾಲೇಜು ಮಕ್ಕಳು ಹೆಚ್ಚು. ಪೆಂಡಾಲು ತೊಳೆಯುವುದಕ್ಕೆ ಅವರನ್ನು ನಿಲ್ಲಿಸಿಕೊಂಡರೆ ಮರುದಿನ ಬರುವುದಿಲ್ಲ.

"ಇಡೀ ದಿನ ಇರ್ತೇನೆ, ಎಲ್ಲಿ ಬೇಕಾದರೂ ಹಾಕಿ" ಎನ್ನುವ ಸ್ವಯಂಸೇವಕರು ಸಂತೋಷ ಕೊಡುತ್ತಾರೆ, ಆದರೆ ಪಟ್ಟಿಗೆ ಉಪಯೋಗವಿಲ್ಲ. ಬೆಳಿಗ್ಗೆ ಹತ್ತಕ್ಕೆ ಬಂದು ಓಡಾಡಿ, ಸಂಜೆ ಆರಕ್ಕೆ ಕಾಲು ನೋಯುತ್ತದೆ ಎಂದು ಹೋಗಿಬಿಡುತ್ತಾರೆ, ನಮಗೆ ಬೇಕಾದದ್ದೇ ಆರರ ಮೇಲೆ. ಅಂಥವರಿಗೆ ನಯವಾಗಿ, "ಅಣ್ಣಾ, ನೀವು ಐದೂವರೆಗೇ ಬನ್ನಿ, ಕೂಪನ್ ಮೇಜು ನಿಮ್ಮದೇ" ಎಂದು ಒಂದೇ ಪಾಳಿ ಕೊಡಬೇಕು. ಇನ್ನೊಂದು, ಒಪ್ಪಿದವರೆಲ್ಲ ಬರುವುದಿಲ್ಲ. ನನ್ನ ಅಂದಾಜಿನಲ್ಲಿ ನಾಲ್ವರು ಹೆಸರು ಕೊಟ್ಟರೆ ಮೂವರು ಬರುತ್ತಾರೆ. ಆದ್ದರಿಂದ 23 ಪಾಳಿಗೆ ಮೂವತ್ತೊಂದು ಹೆಸರು ಬೇಕು. ಹೆಚ್ಚಿನವರನ್ನು "ಬದಲಿ" ಎಂದು ಬರೆದು, ಹಿಂದಿನ ರಾತ್ರಿ ಫೋನು ಮಾಡಿ ಖಚಿತ ಮಾಡಿಕೊಳ್ಳಬೇಕು. ವಾಟ್ಸಾಪಿನಲ್ಲಿ ಹೆಬ್ಬೆಟ್ಟು ತೋರಿಸಿದ್ದು ಖಚಿತವಲ್ಲ. ಬಾಯಲ್ಲಿ "ಐದೂವರೆಗೆ ಬರ್ತೇನೆ" ಎಂದು ಹೇಳಿಸಿಕೊಳ್ಳಿ.

ಗುರುವಾರ, ಶುಕ್ರವಾರ ಹಗಲು ಆಫೀಸಿನವರು ಸಿಗುವುದಿಲ್ಲ. ನಿವೃತ್ತರು ಮತ್ತು ಗೃಹಿಣಿಯರೇ ಆಧಾರ, ಅದೃಷ್ಟಕ್ಕೆ ಗಿರಾಕಿಯೂ ಆಗ ಕಡಿಮೆ. ಭಾನುವಾರಕ್ಕೆ ಮುಂಬಯಿಯವರು ಮರೆಯಬಾರದ ವಿಷಯ ಮೆಗಾಬ್ಲಾಕ್. ಸೆಂಟ್ರಲ್, ಹಾರ್ಬರ್ ಲೈನುಗಳಲ್ಲಿ ಭಾನುವಾರ ಹಗಲು ದುರಸ್ತಿಗಾಗಿ ಗಾಡಿ ಕಡಿಮೆ ಮಾಡುತ್ತಾರೆ, ವೆಸ್ಟರ್ನ್‌ನಲ್ಲೂ ಬ್ಲಾಕ್ ಇರುವುದುಂಟು. ಎಲ್ಲಿಂದ ಎಲ್ಲಿಯವರೆಗೆ ಎಂಬುದು ಹಿಂದಿನ ದಿನಗಳ ಪೇಪರಿನಲ್ಲಿ ಬರುತ್ತದೆ. ಪಟ್ಟಿಯಲ್ಲಿ ಪ್ರತಿ ಹೆಸರಿನ ಪಕ್ಕ ಸ್ಟೇಷನ್ ಬರೆದಿದ್ದರೆ ಭಾನುವಾರ 2 ಗಂಟೆಯ ಪಾಳಿಗೆ ಯಾರು ತಡವಾಗಿ ಬರುತ್ತಾರೆ ಎಂಬುದು ಶನಿವಾರವೇ ತಿಳಿಯುತ್ತದೆ. ಬ್ಲಾಕ್ ಇರುವ ಲೈನಿನವರನ್ನು ಸಂಜೆಗೆ ಹಾಕಿ, ಹಗಲಿಗೆ ನಡೆದು ಬರುವಷ್ಟು ಹತ್ತಿರದವರನ್ನು ಹಾಕಿ.

ದಿನಗೂಲಿಯವರಲ್ಲಿ ಬರುವ ತೊಂದರೆಯೇ ಬೇರೆ. ಮುಕಾದಮನಿಗೆ 15 ಜನ ಬೇಕೆಂದರೆ 15 ಜನ ಬರುತ್ತಾರೆ, ಆದರೆ ದಿನಾ ಬೇರೆ 15 ಜನ. ಗುರುವಾರ ಎಲ್ಲ ಹೇಳಿಕೊಟ್ಟದ್ದು ಶುಕ್ರವಾರ ಮತ್ತೆ ಮೊದಲಿನಿಂದ. ಮಾತಾಡುವಾಗಲೇ ಹೆಸರು, ಫೋನ್ ನಂಬರು ಬರೆಸಿಕೊಂಡು, ಅದೇ ಜನ ನಾಲ್ಕೂ ದಿನ ಬರಬೇಕು ಎಂದು ಗಟ್ಟಿ ಮಾಡಿಕೊಳ್ಳಬೇಕು. ಅದಕ್ಕೂ ಮೊದಲು ಪಂಚಾಂಗ ನೋಡಿ. ಪ್ರದರ್ಶನದ ಶನಿವಾರವೋ ಭಾನುವಾರವೋ ಒಳ್ಳೆಯ ಲಗ್ನದ ಮುಹೂರ್ತವಿದ್ದರೆ ಊರಿನ ಕೇಟರಿಂಗ್ ಹುಡುಗರೆಲ್ಲ ಮದುವೆ ಹಾಲಿಗೆ ಹೋಗುತ್ತಾರೆ. ಅಲ್ಲಿ ಹಾಜರಿಯ ಜೊತೆ ಟಿಪ್ಪೂ ಸಿಗುತ್ತದೆ, ನಮ್ಮ ಮೈದಾನಕ್ಕೆ ಯಾಕೆ ಬರುತ್ತಾರೆ? ಅಂಥ ದಿನ ಬಂದರೆ ಇಬ್ಬರು ಮುಕಾದಮರ ಹತ್ತಿರ ಅರ್ಧರ್ಧ ಜನ ಹೇಳಿಡುವುದು ಕ್ಷೇಮ.

ಕಡೇ ದಿನದವರೆಗೆ ನಿಲ್ಲಿಸಿಕೊಳ್ಳಲು ಕೆಲವರು ಕೂಲಿಯನ್ನು ಹಿಡಿದಿಡುತ್ತಾರೆ. ನನಗೆ ಇದು ಸರಿ ಕಾಣುವುದಿಲ್ಲ. ಹಿಡಿದಿಟ್ಟ ದುಡ್ಡಿಗಾಗಿ ಬಂದವನು ಕೆಲಸಕ್ಕೆ ಬಂದಿರುವುದಿಲ್ಲ. ದಿನದ ಕೂಲಿ ದಿನವೇ ಪೂರ್ತಿ ಕೊಟ್ಟು, ನಾಲ್ಕೂ ದಿನ ಬಂದವರಿಗೆ ಭಾನುವಾರ ರಾತ್ರಿ ಅರ್ಧ ಹಾಜರಿ ಹೆಚ್ಚಿಗೆ ಎಂದು ಮೊದಲ ದಿನವೇ ಎಲ್ಲರೆದುರು ಹೇಳಿ. ಆ ದುಡ್ಡು ಮುಕಾದಮನ ಕೈಗಲ್ಲ, ಅವರವರ ಕೈಗೇ ಹೋಗಲಿ. ಪಾಳಿ ಮುಗಿದ ಮೇಲೆ ನಿಲ್ಲಿಸಿಕೊಂಡರೆ ಆ ಗಂಟೆಗೆ ಓವರ್‌ಟೈಮ್ ಬರೆದು ದುಪ್ಪಟ್ಟು ಕೊಡಬೇಕು.

ರಾತ್ರಿ ಪಾಳಿಯವನನ್ನು ಮರುದಿನ ಬೆಳಗಿನ ಪಾಳಿಗೆ ಎಂದೂ ಹಾಕಬಾರದು. 11ಕ್ಕೆ ಇಲ್ಲಿಂದ ಹೊರಟವನು ಕಲ್ಯಾಣದ ಕಡೆ ಅಥವಾ ವಸಾಯಿಯ ಕಡೆ ಮನೆ ಸೇರುವಾಗ ಹನ್ನೆರಡೂವರೆ. ಬೆಳಿಗ್ಗೆ ಎಂಟೂವರೆಗೆ ಇಲ್ಲಿರಬೇಕಾದರೆ ಆರಕ್ಕೆ ಏಳಬೇಕು. ಐದು ತಾಸು ಮಲಗಿದವನ ಕೈಯಲ್ಲಿ ಬಿಸಿ ಎಣ್ಣೆ. ಆದ್ದರಿಂದ ನಾಲ್ಕೂ ದಿನ ಒಬ್ಬನಿಗೆ ಒಂದೇ ಪಾಳಿ. ದೂರದವರು ಬೆಳಗಿನ ಪಾಳಿಗೆ, ಹತ್ತಿರದವರು ಅಥವಾ ಹೋಟೆಲ್ ರೂಮಿನಲ್ಲೇ ಇರುವವರು ರಾತ್ರಿ ಪಾಳಿಗೆ. ಈ ನಿಯಮ ಉಸ್ತುವಾರಿ ನೋಡುವ ಸದಸ್ಯರಿಗೂ ಅನ್ವಯ. ಒಬ್ಬರೇ ನಾಲ್ಕು ದಿನ ಹದಿನಾಲ್ಕೂವರೆ ಗಂಟೆ ನಿಂತರೆ ಮೂರನೇ ದಿನ ಸ್ವಯಂಸೇವಕರ ಮೇಲೆ ರೇಗುತ್ತಾರೆ, ನಾಲ್ಕನೇ ದಿನ ಸ್ವಯಂಸೇವಕರು ಬರುವುದಿಲ್ಲ. ಇಬ್ಬರು ಇರಲಿ, ಬೆಳಿಗ್ಗೆ ಒಬ್ಬರು, ಸಂಜೆ ಒಬ್ಬರು.

ಪಾಳಿ ಬದಲಾಗುವ ಹದಿನೈದು ನಿಮಿಷದಲ್ಲಿ ಕೂಪನ್ ಮೇಜಿನ ಲೆಕ್ಕವನ್ನು ಮಾತ್ರ ಕಟ್ಟುನಿಟ್ಟಾಗಿ ಮಾಡಿ. ಕೂಪನ್ ಪುಸ್ತಕದ ಕೊನೆಯ ನಂಬರು, ಡಬ್ಬದಲ್ಲಿರುವ ನಗದು, ಎರಡನ್ನೂ ಬರೆದು ಹೋಗುವವರು ಬರುವವರು ಇಬ್ಬರೂ ಸಹಿ ಹಾಕಬೇಕು. ಕ್ಯೂಆರ್ ಕೋಡು ಸಂಘದ ಖಾತೆಯದೇ ಇರಲಿ, ಯಾರದೇ ಸ್ವಂತ ಫೋನಿನದು ಬೇಡ. ಸ್ವಯಂಸೇವಕರ ಮೇಲೆ ಅಪನಂಬಿಕೆಯಿಂದ ಹೇಳುತ್ತಿಲ್ಲ. ರಾತ್ರಿ ಐನೂರು ರೂಪಾಯಿ ಕಡಿಮೆ ಬಂದರೆ ದಿನವಿಡೀ ಕೂತ ಆರು ಮಂದಿಯ ಮೇಲೂ ಸಂಶಯ ಬೀಳುತ್ತದೆ. ಸಹಿ ಇದ್ದರೆ ಅದು ಯಾವ ಪಾಳಿಯದೆಂದು ಗೊತ್ತಾಗುತ್ತದೆ, ಹೆಚ್ಚಿನ ಸಲ ಚಿಲ್ಲರೆ ಕೊಡುವಾಗ ಆದ ತಪ್ಪೇ ಆಗಿರುತ್ತದೆ.

ಇಷ್ಟನ್ನೂ ಒಂದು ದೊಡ್ಡ ಕಾಗದದ ಮೇಲೆ ಬರೆದು ಪೆಂಡಾಲಿನ ಹಿಂದೆ ಅಂಟಿಸಬೇಕು. ಎಡಗಡೆ ಮೇಲಿನಿಂದ ಕೆಳಗೆ ಜಾಗಗಳು, ಮೇಲೆ ಅಡ್ಡಕ್ಕೆ ಅರ್ಧರ್ಧ ಗಂಟೆ, ನಡುವಿನ ಮನೆಗಳಲ್ಲಿ ಪೆನ್ಸಿಲಿನಿಂದ ಹೆಸರು. ಬರೆದ ಮೇಲೆ ಪ್ರತಿ ಅರ್ಧ ಗಂಟೆಯ ಸಾಲನ್ನು ಮೇಲಿನಿಂದ ಕೆಳಗೆ ಓದಿ, ಖಾಲಿ ಮನೆ ಇದೆಯೇ, ಒಂದೇ ಹೆಸರು ಎರಡು ಕಡೆ ಬಂದಿದೆಯೇ ನೋಡಿ. ಆಮೇಲೆ ಒಬ್ಬೊಬ್ಬರ ಹೆಸರು ಹಿಡಿದು ಅಡ್ಡಕ್ಕೆ ಓದಿ, ಊಟದ ಹೊತ್ತು ಸಿಕ್ಕಿದೆಯೇ ನೋಡಿ. ತಿದ್ದುವವರು ಒಬ್ಬರೇ ಇರಬೇಕು. ಅದರ ಫೋಟೋ ವಾಟ್ಸಾಪಿಗೆ ಹಾಕುವಾಗ ಕಾಗದದ ಮೂಲೆಯಲ್ಲಿ ತಾರೀಖು, ಗಂಟೆ ಬರೆಯಿರಿ. ಇಲ್ಲದಿದ್ದರೆ ಹಳೆಯ ಫೋಟೋ ನೋಡಿ ಬಂದವರೂ ಹೊಸತು ನೋಡಿ ಬಂದವರೂ ಒಂದೇ ಮೇಜಿನ ಹಿಂದೆ ಸೇರುತ್ತಾರೆ.

ಮೊದಲ ದಿನ ಗುರುವಾರ ಸಂಜೆ ಏಳರಿಂದ ಎಂಟರವರೆಗೆ ಉಸ್ತುವಾರಿಯವರು ಕೆಲಸಕ್ಕೆ ಕೈಹಾಕದೆ ಸಾಲುಗಳನ್ನೇ ನೋಡಲಿ. ಕೂಪನ್ನಿಗೆ ಸಾಲು ಉದ್ದ, ಕಾವಲಿ ಖಾಲಿ ಎಂದಾದರೆ ಕೂಪನ್ ಮೇಜಿಗೆ ಒಬ್ಬರು ಕಡಿಮೆ. ಕೂಪನ್ ಬೇಗ ಸಿಕ್ಕಿ ದೋಸೆಗೆ ಜನ ನಿಂತಿದ್ದರೆ ಜನ ಹೆಚ್ಚಿಸಿ ಪ್ರಯೋಜನವಿಲ್ಲ, ಇನ್ನೊಂದು ಕಾವಲಿ ಬೇಕು, ಅಥವಾ ಕೂಪನ್ನಿನವರು "ದೋಸೆಗೆ ಇಪ್ಪತ್ತು ನಿಮಿಷ ಆಗುತ್ತದೆ, ಇಡ್ಲಿ ಈಗಲೇ ಸಿಗುತ್ತದೆ" ಎಂದು ಹೇಳಬೇಕು. ಬಡಿಸುವ ಕಡೆ ಪ್ಲೇಟು ಸಾಲದೆ ಕೈ ನಿಂತರೆ ಕೊರತೆ ಇರುವುದು ಮೋರಿಯಲ್ಲಿ. ಇದನ್ನೆಲ್ಲ ಬರೆದುಕೊಂಡು ಗುರುವಾರ ರಾತ್ರಿಯೇ ಶನಿವಾರದ ಪಟ್ಟಿ ತಿದ್ದಬೇಕು. ಶುಕ್ರವಾರ ರಾತ್ರಿ ತಿದ್ದಿದರೆ ಫೋನು ಮಾಡಿ ಹೇಳಲು ಹೊತ್ತು ಸಿಗುವುದಿಲ್ಲ.

ಸಂಘದ ಪ್ರದರ್ಶನವಲ್ಲ, ಬೇರೆಯವರ ಪ್ರದರ್ಶನದಲ್ಲಿ ನಿಮ್ಮದೊಂದು ಸಣ್ಣ ಸ್ಟಾಲು ಮಾತ್ರ ಎಂದಾದರೆ ಈ ಎರಡು ಪಾಳಿಯ ಲೆಕ್ಕ ಹೊಂದುವುದಿಲ್ಲ. ಇಬ್ಬರು ನಿಲ್ಲುವ ಸ್ಟಾಲಿಗೆ ನಾಲ್ವರು ಬೇಕು. ಅಷ್ಟು ಜನ ಇಲ್ಲದಿದ್ದರೆ ಮೂವರನ್ನು ಇಟ್ಟು, ಮಧ್ಯಾಹ್ನ ಮೂರೂವರೆಯಿಂದ ಐದೂವರೆವರೆಗೆ ಕಾಫಿ ಮಾತ್ರ ಎಂದು ಬೋರ್ಡು ಹಾಕಿ ಒಬ್ಬರನ್ನು ಬಿಟ್ಟು ಉಳಿದಿಬ್ಬರನ್ನು ಮಲಗಲು ಕಳಿಸಿ. ನಿಮ್ಮ ಹೋಟೆಲಿನಿಂದ ಭಾನುವಾರ ಇದಕ್ಕಿಂತ ಹೆಚ್ಚು ಜನರನ್ನು ತೆಗೆಯಬೇಡಿ. ಭಾನುವಾರ ಬೆಳಿಗ್ಗೆ ನಮ್ಮ ಗಲ್ಲಾದ ಮುಂದೆ ಎಷ್ಟು ಜನ ನಿಂತಿರುತ್ತಾರೆ ಎಂಬುದು ನಿಮಗೇ ಗೊತ್ತು.